ವೈನಿಗೆ, ಸ್ಪ್ಯಾನಿಷ್ ಲಗ್ನಪತ್ರಿಕೆಯ ಬಗ್ಗೆ

ಬೆಂಗಳೂರು
ನವೆಂಬರ್ 2025

ಪ್ರೀತಿಯ ವೈನಿ,

ರನ್ನ ಬೆಳಗಲಿಯಲ್ಲಿ ಈಗ ಕಬ್ಬಿನ ಕಟಾವು ಶುರುವಾಗಿರಬೇಕು, ಅಣ್ಣ ಹೊಲ ಬಿಟ್ಟು ಬರುವ ಹೊತ್ತೇ ಇಲ್ಲ. ಹಾಗಾಗಿ ಪತ್ರಿಕೆಯ ಮಾತನ್ನೆಲ್ಲ ನಿಮಗೇ ಬರೆಯುತ್ತಿದ್ದೇನೆ. ಅವ್ವನ ಮುಂದೆ ಕೂತು ನಿಧಾನಕ್ಕೆ ಓದಿರಿ. ಸ್ಪ್ಯಾನಿಷ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಮೆಕ್ಸಿಕೋದ ಗ್ವಾದಲಹಾರಾದಲ್ಲಿರುವ ಬೀಗರ ಕೈಗೆ ಹೋಗುವ ಪತ್ರಿಕೆ ಕಿವಿಗೆ ಹೇಗೆ ಕೇಳುತ್ತದೆ ಎಂದು ನಮ್ಮ ಮನೆಯವರಿಗೂ ಗೊತ್ತಾಗಲಿ.

ನೀವು ಕಳಿಸಿದ ಕನ್ನಡ ಪತ್ರಿಕೆ ಸೊಗಸಾಗಿದೆ, ಅದಕ್ಕೆ ಕೈ ಹಚ್ಚುವುದು ಬೇಡ. ಅದನ್ನೇ ಸಾಲಿಗೆ ಸಾಲು ಸ್ಪ್ಯಾನಿಷ್‌ನಲ್ಲಿ ಹಾಕಿಕೊಡು ಎಂದು ನೀವು ಕೇಳಿದ್ದೀರಿ. ಅದು ಮಾತ್ರ ಆಗುವುದಿಲ್ಲ. ನಮ್ಮ ಪತ್ರಿಕೆ ಮನೆದೇವರಿಂದ ಶುರುವಾಗಿ, ಗುರುಗಳ ಹೆಸರು, ಅಜ್ಜ ಮುತ್ತಜ್ಜರ ಹೆಸರು ದಾಟಿ, ಚಿರಂಜೀವಿಯ ಹತ್ತಿರ ಬರುವ ಹೊತ್ತಿಗೆ ಅರ್ಧ ಹಾಳೆ ಮುಗಿದಿರುತ್ತದೆ. ಅವರ ಪತ್ರಿಕೆ ಇಡೀ ಒಂದೇ ವಾಕ್ಯ. ಯಾರು ಕರೆಯುತ್ತಾರೆ, ಯಾರನ್ನು ಕರೆಯುತ್ತಾರೆ, ಯಾವುದಕ್ಕೆ, ಯಾವ ದಿನ, ಎಲ್ಲಿ ಎಂಬುದು ಒಂದೇ ಉಸಿರಿನಲ್ಲಿ ಬರಬೇಕು. ಆ ವಾಕ್ಯದ ಕರ್ತೃ ಯಾರು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನೇ ಕೂಡಿಕೊಳ್ಳುತ್ತದೆ.

ಕರೆಯುವವರು ಇಬ್ಬರಾಗಬಹುದು. ಮದುವೆಯಾಗುವ ಹುಡುಗ ಹುಡುಗಿಯೇ ಕರೆಯುವುದು ಈಗ ಅಲ್ಲಿ ಬಹಳ ಕಡೆ ರೂಢಿ. ಆಗ ಮೇಲ್ಗಡೆ 'ದೇವರ ಮತ್ತು ನಮ್ಮ ತಂದೆತಾಯಿಯರ ಆಶೀರ್ವಾದದಿಂದ' ಎಂದು ಬರೆಯುತ್ತಾರೆ, ಕೆಳಗೆ 'ನಾವು ಕರೆಯುತ್ತಿದ್ದೇವೆ' ಎನ್ನುತ್ತಾರೆ. ಇನ್ನೊಂದು ಹಳೆಯ ಪದ್ಧತಿ. ಎರಡೂ ಮನೆಯ ಹಿರಿಯರ ಹೆಸರು ಎಡಬಲಕ್ಕೆ ಅಕ್ಕಪಕ್ಕ ಇರುತ್ತದೆ, ಅವರು ತಮ್ಮ ಮಕ್ಕಳ ಮದುವೆಗೆ ಕರೆಯುತ್ತಾರೆ. ನಮ್ಮ ಮದುವೆಗೆ ಎರಡನೆಯದೇ ಸರಿ ಎಂದು ನಾನೂ ಅಲ್ಲಿಯ ಬೀಗಿತ್ತಿಯೂ ಒಪ್ಪಿಕೊಂಡೆವು. ಅವರ ಕಡೆಯಿಂದ ತೊಂಬತ್ತು ಸಮೀಪಿಸಿದ ಅಜ್ಜಿಯರೂ ಇದ್ದಾರೆ, ಕಾಲೇಜಿನ ಹುಡುಗರೂ ಇದ್ದಾರೆ. ಅಜ್ಜಿಯನ್ನು ಮೊಮ್ಮಗಳು ಕಾರ್ಡ್ ಕೊಟ್ಟು ಕರೆಯುವುದಕ್ಕೂ, ಮನೆಯ ಯಜಮಾನತಿ ಕರೆಯುವುದಕ್ಕೂ ಅಲ್ಲಿಯೂ ವ್ಯತ್ಯಾಸ ಇದೆ.

ನಿಮ್ಮ ಮಗ ತನ್ನ ಗೆಳೆಯರ ಕಡೆಯಿಂದ ಒಂದು ಕರಡು ತರಿಸಿದ್ದ. ಅದರಲ್ಲಿ ಈ ಎರಡು ಪದ್ಧತಿ ಕಲಸಿಹೋಗಿದ್ದವು. ಮೊದಲ ಸಾಲು 'ನಮ್ಮ ತಂದೆತಾಯಿಯರ ಆಶೀರ್ವಾದದಿಂದ' ಎಂದಿತ್ತು, ಅಂದರೆ ಮಾತಾಡುವವರು ಮಕ್ಕಳು. ಮೂರನೇ ಸಾಲು 'ತಮ್ಮ ಮಕ್ಕಳ ವಿವಾಹಕ್ಕೆ ಕರೆಯುತ್ತಾರೆ' ಎಂದಿತ್ತು, ಅಂದರೆ ಕರೆಯುವವರು ತಂದೆತಾಯಿಯರು. ಬಿಡಿಬಿಡಿಯಾಗಿ ನೋಡಿದರೆ ಯಾವ ಸಾಲಿಗೂ ತಪ್ಪಿಲ್ಲ, ಕೂಡಿಸಿ ಓದಿದರೆ ಬಾಗಿಲಲ್ಲಿ ನಿಂತು ಕರೆಯುತ್ತಿರುವವರು ಯಾರು ಎಂದು ತಿಳಿಯುವುದಿಲ್ಲ. ಹೀಗಾಗಿ ಮೊದಲ ಸಾಲನ್ನು ಬದಲಿಸಿದೆ: 'ಕೋನ್ ಲಾ ಬೆಂದಿಸಿಯೋನ್ ದೆ ದಿಯೋಸ್ ಈ ದೆ ಲೋಸ್ ಮಾಯೋರೆಸ್ ದೆ ಆಂಬಾಸ್ ಫಾಮಿಲಿಯಾಸ್'. ದೇವರ ಮತ್ತು ಎರಡೂ ಮನೆತನದ ಹಿರಿಯರ ಆಶೀರ್ವಾದದಿಂದ, ಎಂದು ಅರ್ಥ. ನಮ್ಮ 'ಗುರುಹಿರಿಯರ' ಮಾತಿನ ತೂಕ ಇದರಲ್ಲಿ ಬಂತು. 'ನಮ್ಮ' ಎಂಬುದು ಹೋದದ್ದರಿಂದ ಕೆಳಗಿನ ಸಾಲಿಗೂ ಹೊಂದಿತು. ದೇವರು ಎಂದಷ್ಟೇ ಇರುವುದರಿಂದ ಅವರ ಚರ್ಚಿನವರಿಗೂ ನಮ್ಮ ಮಠದವರಿಗೂ ಅಡ್ಡಿಯಿಲ್ಲ.

ಆ ಕರಡಿನಲ್ಲಿ ಇನ್ನೊಂದು ತೊಡಕು ಇತ್ತು. ಕರೆಯುವ ಕ್ರಿಯಾಪದದ ಜಾಗದಲ್ಲಿ 'ಪಾರ್ತಿಸಿಪಾರ್' ಎಂದಿತ್ತು. ಪತ್ರಿಕೆಗಳಲ್ಲಿ ಬಹಳ ಗೌರವದ ಮಾತು ಅದು, ಆದರೆ ಅದರ ಕೆಲಸ ತಿಳಿಸುವುದು. ಇಂಥವರ ಮದುವೆ ಇಂಥ ದಿನ ಎಂದು ಸುದ್ದಿ ಮುಟ್ಟಿಸುವುದು. ಸ್ಪೇನಿನಲ್ಲಿ ಅದಕ್ಕಾಗಿಯೇ ಬೇರೆ ಕಾರ್ಡು ಮಾಡುವುದುಂಟು. ದೂರದವರಿಗೆ, ಕಚೇರಿಯವರಿಗೆ ಸುದ್ದಿ ಮಾತ್ರ ಹೋಗುತ್ತದೆ, ಊಟಕ್ಕೆ ಕರೆಯಿಲ್ಲ. ಮೆಕ್ಸಿಕೋದವರು ಅದೇ ಕಾರ್ಡಿನಲ್ಲಿ ಮೊದಲು 'ತಿಳಿಸುತ್ತೇವೆ' ಎಂದು ಬರೆದು, ಮುಂದೆ 'ಕರೆಯುತ್ತೇವೆ' ಎಂಬ ಮಾತನ್ನು ಕೂಡಿಸುತ್ತಾರೆ. ಕರಡು ಮಾಡಿದವರು ಮೊದಲ ಅರ್ಧ ಮಾತ್ರ ಎತ್ತಿಕೊಂಡಿದ್ದರು. ಅದು ಹಾಗೇ ಅಚ್ಚಾಗಿ ಹೋಗಿದ್ದರೆ, ವಿಮಾನದ ಟಿಕೆಟ್ ತೆಗೆಯಬೇಕೋ ಬೇಡವೋ ಎಂದು ಅಲ್ಲಿಯ ಹಿರಿಯರು ಯೋಚಿಸುತ್ತ ಕೂಡುತ್ತಿದ್ದರು. ಕಾರ್ಡು ಪರೀಕ್ಷಿಸಲು ಒಂದು ದಾರಿ ಹೇಳುತ್ತೇನೆ. 'ಇನ್ವಿತಾರ್' ಎಂಬ ಪದ ಒಂದು ಕಡೆಯಾದರೂ ಇರಬೇಕು. ಅದಾದ ಮೇಲೆ 'ಕೊಮಿದಾ' ಎಂದು ಊಟದ ಮಾತೂ ಬರಬೇಕು. ಮೆಕ್ಸಿಕೋದಲ್ಲಿ ಕೊಮಿದಾ ಎಂದರೆ ಮಧ್ಯಾಹ್ನದ ದೊಡ್ಡ ಊಟ, ನಮ್ಮ ಮದುವೆ ಊಟದ ಹೊತ್ತಿಗೂ ಅದಕ್ಕೂ ತಾಳೆಯಾಗುತ್ತದೆ.

ಇನ್ನು ನಾನು ಬಹಳ ಹೊತ್ತು ತಿದ್ದಿದ ಭಾಗಕ್ಕೆ ಬರುತ್ತೇನೆ. ಯಾರನ್ನು ಕರೆಯುತ್ತೇವೆ ಎಂಬುದು. ನಮ್ಮಲ್ಲಿ 'ತಾವು' ಎಂದು ಬರೆದರೆ ಎಲ್ಲರಿಗೂ ಆಯಿತು. ತಾವು ಎಂದು ಓದಿದ ಹುಡುಗನಿಗೆ ಹೊರೆ ಅನ್ನಿಸುವುದಿಲ್ಲ, ಪತ್ರಿಕೆಯ ಭಾಷೆಯೇ ಹಾಗೆ ಎಂದು ಬಿಡುತ್ತಾನೆ. ಸ್ಪ್ಯಾನಿಷ್‌ನಲ್ಲಿ ಒಬ್ಬರನ್ನೇ ಗೌರವದಿಂದ ಕರೆದರೆ 'ಉಸ್ತೆದ್', ಸಲುಗೆಯಲ್ಲಿ ಕರೆದರೆ 'ತು'. ಬಹಳ ಜನರನ್ನು ಕರೆಯುವಾಗ ದೇಶ ನೋಡಬೇಕು. ಸ್ಪೇನಿನಲ್ಲಿ ಹಿರಿಯರ ಗುಂಪಿಗೆ 'ಉಸ್ತೆದೆಸ್', ಸಲುಗೆಯವರ ಗುಂಪಿಗೆ 'ಬೊಸೋತ್ರೊಸ್' ಎಂದು ಎರಡು ಬೇರೆ ಬೇರೆ ರೂಪಗಳಿವೆ, ಕ್ರಿಯಾಪದವೂ ಬದಲಾಗುತ್ತದೆ. ಮೆಕ್ಸಿಕೋದಲ್ಲಿ ಬೊಸೋತ್ರೊಸ್ ಆಡುಮಾತಿನಲ್ಲಿ ಇಲ್ಲ. ಅಜ್ಜಿಯರ ಗುಂಪಿಗೂ ಮೊಮ್ಮಕ್ಕಳ ಗುಂಪಿಗೂ ಉಸ್ತೆದೆಸ್ ಒಂದೇ. ನಮ್ಮ ಬೀಗರು ಮೆಕ್ಸಿಕೋದವರಾದ್ದರಿಂದ ಬಹುವಚನದಲ್ಲಿ ಕರೆದರೆ ತೊಡಕು ಅರ್ಧ ಬಿಡಿಸಿದಂತೆ.

ಪೂರ್ತಿ ಬಿಡಿಸಿದಂತೆ ಆಗುವುದಿಲ್ಲ, ಏಕೆಂದರೆ ಒಬ್ಬರೇ ಇರುವ ಅಜ್ಜಿಗೆ ಬಹುವಚನದ ಕಾರ್ಡು ಹೋದರೆ 'ಇದು ನನಗೆ ಬರೆದದ್ದಲ್ಲ, ಎಲ್ಲರಿಗೂ ಹಂಚಿದ್ದು' ಅನ್ನಿಸುತ್ತದೆ. ಸ್ಪೇನಿನಲ್ಲಿ ಓದುತ್ತಿರುವ ಹುಡುಗಿಯ ತಮ್ಮನ ಗೆಳೆಯರೂ ಪಟ್ಟಿಯಲ್ಲಿ ಇದ್ದಾರೆ, ಅವರ ಕಿವಿಗೆ ಉಸ್ತೆದೆಸ್ ಬಿಗಿಯಾಗಿ ಕೇಳುತ್ತದೆ. ಇದಕ್ಕೆ ಹಳೆಯ ಪತ್ರಿಕೆಗಳಲ್ಲಿ ಒಂದು ಜಾಣ ಉಪಾಯ ಇದೆ. 'ನಿಮ್ಮನ್ನು' ಎಂಬ ಸರ್ವನಾಮವನ್ನೇ ಕೈಬಿಡುವುದು. 'ತಿಯೆನೆನ್ ಎಲ್ ಓನೋರ್ ದೆ ಇನ್ವಿತಾರ್ ಆ' ಎಂದು ಬರೆದು, ಕೆಳಗೆ ಒಂದು ಖಾಲಿ ಗೆರೆ ಬಿಡುವುದು. 'ಕರೆಯಲು ಗೌರವವೆಂದು ಭಾವಿಸುತ್ತಾರೆ, ಇಂಥವರನ್ನು' ಎಂದು. ಗೆರೆಯ ಮೇಲೆ ಒಬ್ಬೊಬ್ಬರ ಹೆಸರನ್ನು ಪೆನ್ನಿನಿಂದ ಬರೆಯುವುದು. ಅಚ್ಚಾದ ಮಾತು ಎಲ್ಲರಿಗೂ ಒಂದೇ, ಮರ್ಯಾದೆಯ ಹೆಚ್ಚುಕಡಿಮೆಯೆಲ್ಲ ಆ ಕೈಬರಹದ ಗೆರೆಯಲ್ಲಿ. ತಲೆಮಾರಿಗೊಂದು ಕಾರ್ಡು ಮಾಡಿಸಬೇಕಾಗಿಲ್ಲ. ನನಗೆ ಇದು ಬಹಳ ಹಿಡಿಸಿತು, ಯಾಕೆಂದರೆ ಇದರಲ್ಲಿ ಅಜ್ಜಿಯೂ ಚಿಕ್ಕವಳಾಗುವುದಿಲ್ಲ, ಹುಡುಗರೂ ದೂರವಾಗುವುದಿಲ್ಲ.

ಆ ಗೆರೆಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ರೀತಿ ಇದೆ. 'ದೋನ್', 'ದೋನ್ಯಾ' ಎಂಬ ಗೌರವದ ಮಾತು ಅಡ್ಡಹೆಸರಿಗೆ ಹತ್ತುವುದಿಲ್ಲ, ಇಟ್ಟ ಹೆಸರಿಗೇ ಹತ್ತುತ್ತದೆ. 'ಸೆನ್ಯೋರ್', 'ಸೆನ್ಯೋರಾ' ಅಡ್ಡಹೆಸರಿನೊಂದಿಗೆ ನಡೆಯುತ್ತದೆ. 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ತಾವಿಯೊ ಪಾಸ್ ಅವರನ್ನೇ ತಗೊಳ್ಳಿ. ಅವರನ್ನು ದೋನ್ ಒಕ್ತಾವಿಯೊ ಎನ್ನಬಹುದು, ಸೆನ್ಯೋರ್ ಪಾಸ್ ಎನ್ನಬಹುದು, ದೋನ್ ಪಾಸ್ ಎಂದರೆ ತಪ್ಪು. ಅವರ ಪೂರ್ಣ ಹೆಸರು ಒಕ್ತಾವಿಯೊ ಪಾಸ್ ಲೊಸಾನೊ. ಪಾಸ್ ತಂದೆಯ ಕಡೆಯದು, ಲೊಸಾನೊ ತಾಯಿಯ ಕಡೆಯದು. ಕೊನೆಯ ಪದವೇ ಅಡ್ಡಹೆಸರು ಎಂದು ತಿಳಿದು 'ಸೆನ್ಯೋರ್ ಲೊಸಾನೊ' ಎಂದು ಬರೆದರೆ ಅದು ಬೇರೆ ಯಾರೋ ಆಗಿಬಿಡುತ್ತಾರೆ. ಗಾರ್ಸಿಯಾ ಮಾರ್ಕೆಸ್ ಅವರದೂ ಹೀಗೆಯೇ, ಗಾರ್ಸಿಯಾ ತಂದೆಯಿಂದ, ಮಾರ್ಕೆಸ್ ತಾಯಿಯಿಂದ. ಇಡೀ ಸಂಸಾರವನ್ನು ಕರೆಯುವಾಗ 'ಫಾಮಿಲಿಯಾ' ಎಂದು ಬರೆದು ಮುಂದೆ ಗಂಡನ ಮೊದಲ ಅಡ್ಡಹೆಸರು, ಹೆಂಡತಿಯ ಮೊದಲ ಅಡ್ಡಹೆಸರು ಎರಡನ್ನೂ ಕೂಡಿಸುತ್ತಾರೆ. ಮಕ್ಕಳ ಹೆಸರಿನ ಮುಂದೆ ಬರುವುದೂ ಅದೇ ಜೋಡಿ.

ತಾಯಿಯ ಹೆಸರನ್ನೂ ಹೇಳುವ ಈ ಪದ್ಧತಿ ನಮ್ಮೂರಿಗೆ ಹೊಸದಲ್ಲ ವೈನಿ. ನಮ್ಮೂರು ಯಾರ ಹೆಸರು ಹೊತ್ತಿದೆಯೋ ಆ ರನ್ನ, ಸಾವಿರ ವರ್ಷದ ಹಿಂದೆ ತನ್ನ ಕಾವ್ಯದಲ್ಲಿ ತಂದೆ ಜಿನವಲ್ಲಭ ಎಂದು ಹೇಳಿ ಸುಮ್ಮನಾಗಲಿಲ್ಲ, ತಾಯಿ ಅಬ್ಬಲಬ್ಬೆಯನ್ನೂ ಹೆಸರಿಸಿದ. ಬಳೆಗಾರರ ಮನೆಯ ಆ ತಾಯಿಯ ಹೆಸರು ನಮಗೆ ಇವತ್ತು ಗೊತ್ತಿರುವುದು ಅದರಿಂದಲೇ.

ಈ ಮಾತು ಎತ್ತಿದ್ದು ನಿಮ್ಮ ಹೆಸರಿಗಾಗಿ. ನಮ್ಮ ಕನ್ನಡ ಪತ್ರಿಕೆಯಲ್ಲಿ 'ಶ್ರೀಮತಿ ಮತ್ತು ಶ್ರೀ' ಎಂದು ಬರೆದು ಮುಂದೆ ಅಣ್ಣನ ಹೆಸರು ಮಾತ್ರ ಇದೆ. ನೀವು 'ಶ್ರೀಮತಿ'ಯಲ್ಲೇ ಮುಗಿದಿದ್ದೀರಿ. ಸ್ಪ್ಯಾನಿಷ್ ಪತ್ರಿಕೆಯಲ್ಲಿ ತಾಯಿಗೆ ತನ್ನದೇ ಒಂದು ಸಾಲು ಇರುತ್ತದೆ, ಪೂರ್ತಿ ಹೆಸರಿನೊಂದಿಗೆ. ಹಳೆಯ ಮೆಕ್ಸಿಕೋ ಮನೆಗಳಲ್ಲಿ ಹೆಂಡತಿಯ ಹೆಸರಿನ ಕೊನೆಗೆ 'ದೆ' ಎಂದು ಹಾಕಿ ಗಂಡನ ಅಡ್ಡಹೆಸರು ಸೇರಿಸುವುದಿತ್ತು, 'ಇಂಥವರ ಮನೆಯವಳು' ಎಂಬಂತೆ. ಅದು ಬೇಡ ಎಂದೆ. ನೀವು ಹೆತ್ತು ಬೆಳೆಸಿದ ಮಗನ ಮದುವೆಗೆ ನೀವು ನಿಮ್ಮ ಹೆಸರಿನಿಂದಲೇ ಕರೆಯಬೇಕು.

ಆದರೆ ನಮ್ಮ ಹೆಸರುಗಳನ್ನು ಇದ್ದ ಹಾಗೇ ಹಾಕಿದರೆ ಒಂದು ಗೊಂದಲ ಇದೆ. ನಮ್ಮ ಕಡೆ ಮೊದಲು ತನ್ನ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಮೂರು ಪದ. ಅವರು ಮೂರು ಪದ ಕಂಡ ಕೂಡಲೇ ತಮ್ಮ ರೂಢಿಯಂತೆ ಓದುತ್ತಾರೆ, ಮೊದಲನೆಯದು ಹೆಸರು, ಎರಡನೆಯದು ತಂದೆಯ ಮನೆತನ, ಮೂರನೆಯದು ತಾಯಿಯ ಮನೆತನ ಎಂದು. ಆಗ ಅಣ್ಣನ ಹೆಸರೇ ನಿಮ್ಮ ಮಗನ ಮನೆತನವಾಗಿ, ನಮ್ಮ ಮನೆತನ ನಿಮ್ಮ ತವರಿನದಾಗಿ ಹೋಗುತ್ತದೆ. ನಿಮ್ಮ ಹೆಸರಿನ ನಡುವೆ ಗಂಡನ ಹೆಸರು ಬಂದಾಗಲೂ ಇದೇ ಪಾಡು. ಆದ್ದರಿಂದ ನಡುವಿನ ಹೆಸರನ್ನು ತೆಗೆದಿದ್ದೇನೆ. ಅಣ್ಣನದು ಇಟ್ಟ ಹೆಸರು, ಅಡ್ಡಹೆಸರು, ಎರಡೇ ಪದ. ನಿಮ್ಮದೂ ಎರಡೇ ಪದ. ಹುಡುಗ ಹುಡುಗಿಯದು ಇಟ್ಟ ಹೆಸರು ಮಾತ್ರ. ಹಿರಿಯರ ಹೆಸರು ಮೇಲೆ ಇರುವಾಗ ಮಕ್ಕಳಿಗೆ ಅಷ್ಟು ಸಾಕು.

ಬೀಗಿತ್ತಿಯ ಸಾಲಿನ ಬಗ್ಗೆ ನಿಮಗೆ ಬಿಡಿಸಿ ಹೇಳಬೇಕು. ಹುಡುಗಿಯ ತಂದೆ ತೀರಿಕೊಂಡು ಬಹಳ ದಿನ ಆಗಿಲ್ಲ, ನಿಮಗೆ ಗೊತ್ತು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಕಾಕಾನದೋ ಸೋದರಮಾವನದೋ ಹೆಸರು ಮುಂದೆ ಬಂದು ತಾಯಿಯ ಹೆಸರು ಹಿಂದೆ ಸರಿಯುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅಲ್ಲಿ ಹಾಗಿಲ್ಲ. ಕರೆಯುವ ಸಾಲಿನಲ್ಲಿ ತಾಯಿ ಒಬ್ಬರೇ ನಿಲ್ಲುತ್ತಾರೆ. ಗಂಡನ ಹೆಸರು ಪಕ್ಕದಲ್ಲೇ ಅಥವಾ ಕೆಳಗೆ ಬರುತ್ತದೆ, ಹೆಸರಿನ ಬದಿಗೆ ಚಿಕ್ಕ ಶಿಲುಬೆಯ ಗುರುತು ಇರುತ್ತದೆ. ನಮ್ಮಲ್ಲಿ 'ಲಿಂ.' ಎಂದು ಹಾಕುವ ಹಾಗೆಯೇ. ಓದಿದವರಿಗೆ ಆ ಮನುಷ್ಯ ಇಲ್ಲ ಎಂದು ತಿಳಿಯುತ್ತದೆ, ಮಗಳ ಮದುವೆಯ ಪತ್ರಿಕೆಯಲ್ಲಿ ಅವರ ಹೆಸರು ಬಿಟ್ಟುಹೋಗಿಲ್ಲ ಎಂದೂ ತಿಳಿಯುತ್ತದೆ. 'ಬ್ಯೂದಾ ದೆ', ಅಂದರೆ ಇಂಥವರ ವಿಧವೆ, ಎಂದು ತಾಯಿಯ ಹೆಸರಿಗೆ ಹಚ್ಚುವ ಪದ್ಧತಿಯೂ ಇದೆ. ಅದನ್ನು ಹಾಕಬೇಕೋ ಬೇಡವೋ ಎಂದು ಆಕೆಯನ್ನೇ ಕೇಳಿದೆ. ಬೇಡ ಎಂದರು. ಆದರೆ ಅವರ ಅತ್ತೆಯವರ ಕಾರ್ಡಿನ ಗೆರೆಯಲ್ಲಿ ಅದನ್ನೇ ಬರೆಯಿರಿ, ಅವರಿಗೆ ಅದೇ ರೂಢಿ, ಅದೇ ಗೌರವ ಎಂದರು. ಇಂಥ ಮಾತನ್ನು ನಾವು ಊಹಿಸಿ ಬರೆಯಬಾರದು, ಕೇಳಿಯೇ ಬರೆಯಬೇಕು.

ದಿನದ ಮಾತು. ಶುಕ್ರಾಸ್ತ ಕಳೆಯಲಿ ಎಂದು ಸ್ವಾಮಿಗಳು ಹೇಳಿದ್ದಕ್ಕೆ ನೀವು ಫೆಬ್ರುವರಿಗೆ ಬಂದಿರಿ. ಅಲ್ಲಿಯ ಅಜ್ಜಿಗೂ ಅಂಥದೇ ಒಂದು ಚಿಂತೆ ಇತ್ತು, ಕ್ವಾರೆಸ್ಮಾದಲ್ಲಿ ಮದುವೆ ಬೀಳುತ್ತದೆಯೋ ಎಂದು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಅವು, ಆಗ ಮದುವೆಯ ಸಂಭ್ರಮ ಮಾಡುವುದು ಹಳಬರಿಗೆ ಸರಿಬರುವುದಿಲ್ಲ. 2026ರಲ್ಲಿ ಅದು ಫೆಬ್ರುವರಿ 18ಕ್ಕೆ ಶುರು. ನಮ್ಮದು 8ನೇ ತಾರೀಖು, ರವಿವಾರ. ಎರಡೂ ಮನೆಯ ಅಜ್ಜಿಯರಿಗೆ ಸಮಾಧಾನ.

ಆ ತಾರೀಖನ್ನು ಅಂಕಿಯಲ್ಲಿ ಬರೆಯಬಾರದು. ಸ್ಪ್ಯಾನಿಷ್‌ನಲ್ಲೂ ನಮ್ಮಂತೆ ದಿನ ಮೊದಲು, ತಿಂಗಳು ಆಮೇಲೆ. ಆದರೆ ಹುಡುಗಿಯ ಬಳಗದಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿ ಬೆಳೆದವರೂ ಇದ್ದಾರೆ, ಅವರು 8/2 ಎಂಬುದನ್ನು ಆಗಸ್ಟ್ 2 ಎಂದು ಓದಿಯಾರು. ಗೌರವದ ಪತ್ರಿಕೆಯಲ್ಲಿ ಅಕ್ಷರದಲ್ಲಿ ಬರೆಯುವುದೇ ಚಂದ, ವರ್ಷವನ್ನೂ ಸೇರಿಸಿ. ವಾರ, ತಿಂಗಳ ಹೆಸರುಗಳಿಗೆ ಸ್ಪ್ಯಾನಿಷ್‌ನಲ್ಲಿ ದೊಡ್ಡ ಅಕ್ಷರ ಇಲ್ಲ. ಇಂಗ್ಲಿಷ್ ಅಭ್ಯಾಸದಿಂದ ಪ್ರೆಸ್ಸಿನವರು ದೊಡ್ಡದು ಮಾಡಿದರೆ ಹಿಂದಕ್ಕೆ ತಿದ್ದಿಸಿರಿ.

ಅಭಿಜಿನ್ ಮುಹೂರ್ತ 12-30ಕ್ಕೆ ಇದೆ. ಬರಲಾಗದೆ ಮೊಬೈಲಿನಲ್ಲಿ ನೋಡುವವರಿಗೆ ಅದು ಯಾವ ಹೊತ್ತು ಎಂದು ಬೇರೆ ಚೀಟಿಯಲ್ಲಿ ತಿಳಿಸಬೇಕು. ನಮ್ಮ ಗಡಿಯಾರ ಗ್ವಾದಲಹಾರಾದ ಗಡಿಯಾರಕ್ಕಿಂತ ಹನ್ನೊಂದೂವರೆ ತಾಸು ಮುಂದೆ. 2022ರಲ್ಲಿ ಮೆಕ್ಸಿಕೋದ ಬಹುಭಾಗ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದನ್ನು ಬಿಟ್ಟಿತು, ಹೀಗಾಗಿ ಈ ಲೆಕ್ಕ ವರ್ಷಪೂರ್ತಿ ಒಂದೇ. ನಮ್ಮ ಮಧ್ಯಾಹ್ನ 12-30 ಎಂದರೆ ಅಲ್ಲಿ ಅದೇ ರವಿವಾರದ ನಸುಕಿನ ಒಂದು ಗಂಟೆ. ಬರೀ 'ರವಿವಾರ ಒಂದು ಗಂಟೆ' ಎಂದು ಬರೆದರೆ ಅವರು ಶನಿವಾರ ರಾತ್ರಿ ಮಲಗಿ, ಮರುದಿನ ಚರ್ಚಿಗೆ ಹೋಗಿ ಬಂದು, ಮಧ್ಯಾಹ್ನ ಒಂದಕ್ಕೆ ಫೋನು ಹಿಡಿದು ಕೂಡುತ್ತಾರೆ. ಆಗ ನಮ್ಮಲ್ಲಿ ರಾತ್ರಿ ಹನ್ನೆರಡೂವರೆ, ಎಲ್ಲ ಮುಗಿದಿರುತ್ತದೆ. ನಡುರಾತ್ರಿಯಿಂದ ಬೆಳಗಿನವರೆಗಿನ ಹೊತ್ತಿಗೆ ಅವರು 'ಮಾದ್ರುಗಾದಾ' ಎನ್ನುತ್ತಾರೆ, ಆ ಪದ ಚೀಟಿಯಲ್ಲಿ ಇರಲೇಬೇಕು. ಪಕ್ಕದಲ್ಲಿ 'ಶನಿವಾರ ರಾತ್ರಿ ಎಚ್ಚರ ಇರುವವರಿಗೆ' ಎಂದೂ ಸೇರಿಸಿದ್ದೇನೆ.

ಅಕ್ಷತಾರೋಪಣದ ಮಾತನ್ನು ಹೇಗೆ ತಿಳಿಸುವುದು ಎಂದು ನೀವು ಚಿಂತೆ ಮಾಡಿದ್ದಿರಿ. ಅದು ಇದ್ದುದರಲ್ಲೇ ಸುಲಭ. ಅವರಲ್ಲೂ ಮದುವೆ ಆದವರ ಮೇಲೆ ಅಕ್ಕಿ ಹಾಕುತ್ತಾರೆ. ಆದರೆ ಎಲ್ಲ ಮುಗಿದ ಮೇಲೆ, ಮದುಮಕ್ಕಳು ಚರ್ಚಿನ ಬಾಗಿಲಿನಿಂದ ಹೊರಗೆ ಬರುವಾಗ. ನಮ್ಮಲ್ಲಿ ಅಕ್ಕಿಕಾಳು ಬೀಳುವುದೇ ಮುಹೂರ್ತದ ಗಳಿಗೆ. ಕೊನೆಗೆ ಹಾಕಿದರಾಯಿತು ಎಂದು ಅವರು ನಿಧಾನಕ್ಕೆ ಬಂದರೆ ಮುಖ್ಯ ಗಳಿಗೆಯೇ ತಪ್ಪುತ್ತದೆ. ಅದಕ್ಕೆ ಪತ್ರಿಕೆಯ ಕೆಳಗೆ ಒಂದು ಸಾಲು: 'ಸೆ ರ್ವೇಗಾ ಯೇಗಾರ್ ಆ ಲಾಸ್ ದೋಸೆ, ಪಾರಾ ಬೆಂದೆಸೀರ್ ಆ ಲೋಸ್ ನೋವಿಯೋಸ್ ಕೋನ್ ಆರ್ರೋಸ್'. ಮದುಮಕ್ಕಳನ್ನು ಅಕ್ಕಿಯಿಂದ ಆಶೀರ್ವದಿಸಲು ಹನ್ನೆರಡಕ್ಕೇ ಬರಬೇಕೆಂದು ಪ್ರಾರ್ಥನೆ. ಇಲ್ಲಿಯೂ 'ನಿಮ್ಮನ್ನು' ಇಲ್ಲ, ನೋಡಿರಿ. ಅಜ್ಜಿಗೂ ಹುಡುಗನಿಗೂ ಒಂದೇ ಸಾಲು ನಡೆಯುತ್ತದೆ.

ಇನ್ನು 'ಸಹಕುಟುಂಬ ಸಪರಿವಾರ'. ಇದನ್ನು ನಾವು ಬರೆಯುವಾಗ ಎಷ್ಟು ಜನ ಬರುತ್ತಾರೆಂದು ಎಣಿಸುವುದಿಲ್ಲ, ಎಣಿಸಿದರೆ ಕಡಿಮೆತನ. ಮೆಕ್ಸಿಕೋದಲ್ಲಿ ಕಾರ್ಡಿನ ಜೊತೆ ಒಂದು ಚಿಕ್ಕ ಚೀಟಿ ಇಡುತ್ತಾರೆ, 'ಪಾಸೆ' ಎಂದು, ಇದು ಇಷ್ಟು ಜನರಿಗೆ ಎಂದು ಅದರಲ್ಲಿ ಅಂಕಿ ಇರುತ್ತದೆ. ಊಟದ ಮೇಜಿಗೆ ಕುರ್ಚಿ ಲೆಕ್ಕ ಇಡುವ ಊರಿನಲ್ಲಿ ಅದು ಅವಮಾನವಲ್ಲ, ಅನುಕೂಲ. ನಾವು ಆ ಚೀಟಿ ಇಡುವುದಿಲ್ಲ. ಆದರೆ ಚೀಟಿಗೆ ರೂಢಿಯಾದವರು ಗೆರೆಯ ಮೇಲಿನ ಹೆಸರನ್ನೇ ಲೆಕ್ಕವೆಂದು ತಿಳಿಯುತ್ತಾರೆ. ತಾಯಿಯ ಹೆಸರೊಂದೇ ಬರೆದರೆ ಮಗುವನ್ನು ಯಾರ ಹತ್ತಿರವೋ ಬಿಟ್ಟು ಒಬ್ಬರೇ ಬರುತ್ತಾರೆ, ಇಲ್ಲ, ಬರುವುದನ್ನೇ ಬಿಡುತ್ತಾರೆ. ಆದ್ದರಿಂದ ಮಕ್ಕಳಿರುವ ಪ್ರತಿ ಮನೆಗೂ ಗೆರೆಯಲ್ಲಿ 'ಫಾಮಿಲಿಯಾ' ಎಂದೇ ಬರೆಯುತ್ತೇನೆ, ಒಂಟಿ ಅಜ್ಜಿಯರ ಹೆಸರಿನ ಮುಂದೆ 'ಈ ಫಾಮಿಲಿಯಾ' ಎಂದು ಸೇರಿಸುತ್ತೇನೆ, ಕೈಹಿಡಿದು ಕರೆತರುವವರೂ ಬರಲಿ ಎಂದು.

ಪತ್ರಿಕೆಯ ಅಡಿಯಲ್ಲಿ ಮಕ್ಕಳು ಹಾಕಿಸಿರುವ 'ನಮ್ಮ ಕಾಕಾನ ಲಗ್ನಕ್ಕೆ ಎಲ್ಲಾರೂ ಬರ್ರಿ' ಎಂಬ ಸಾಲನ್ನು ನಾನು ಬಿಡುವುದಿಲ್ಲ. ಆ ಗಂಭೀರ ವಾಕ್ಯದ ಕೆಳಗೆ ಅದು ಕೂಡುವುದಿಲ್ಲ, ದನಿ ಒಡೆಯುತ್ತದೆ. ಹಾಗಾಗಿ ಅದಕ್ಕೆ ಬೇರೆ ಚೀಟಿ, ಬೇಕಾದರೆ ಅವರ ಕೈಯಿಂದಲೇ ಬಣ್ಣ ಹಾಕಿಸಿರಿ: 'ವೆಂಗಾನ್ ತೋದೋಸ್ ಆ ಲಾ ಬೋದಾ ದೆ ನ್ವೆಸ್ತ್ರೊ ತೀಯೊ!' ಮೆಕ್ಸಿಕೋದಲ್ಲಿ 'ವೆಂಗಾನ್' ಎಂದು ಒಂದು ಮಗು ಕರೆದರೆ ಅಜ್ಜಿಗೂ ಮರ್ಯಾದೆಯೇ, ಗೆಳೆಯನಿಗೂ ಸಲುಗೆಯೇ.

ಈಗ ಇಡೀ ಪತ್ರಿಕೆ ಕೇಳಿರಿ. ಮೇಲೆ ಆಶೀರ್ವಾದದ ಸಾಲು. ಅದರ ಕೆಳಗೆ ಎಡಕ್ಕೆ ಬೀಗಿತ್ತಿ, ಬಲಕ್ಕೆ ನೀವೂ ಅಣ್ಣನೂ. ಈ ಕಾರ್ಡು ಅವರ ಬಳಗಕ್ಕೆ ಹೋಗುವುದರಿಂದ ಎಡದ ಜಾಗ ಅವರಿಗಿರಲಿ ಎಂದು ನಾನೇ ಹೇಳಿದೆ, ಅಣ್ಣನಿಗೆ ಬೇಜಾರಾಗುವುದಿಲ್ಲ ಎಂದು ನಂಬಿದ್ದೇನೆ. ಆಮೇಲೆ:

'ತಿಯೆನೆನ್ ಎಲ್ ಓನೋರ್ ದೆ ಇನ್ವಿತಾರ್ ಆ' (ಖಾಲಿ ಗೆರೆ) 'ಆಲ್ ಎನ್‌ಲಾಸೆ ಮಾತ್ರಿಮೋನಿಯಾಲ್ ದೆ ಸುಸ್ ಈಹೋಸ್' (ಇಬ್ಬರ ಹೆಸರು) 'ಕೆ ಸೆ ಸೆಲೆಬ್ರಾರಾ ಎಲ್ ದೊಮಿಂಗೊ ಓಚೊ ದೆ ಫೆಬ್ರೆರೊ ದೆ ದೋಸ್ ಮಿಲ್ ವೇಂತಿಸೇಸ್, ಆ ಲಾಸ್ ದೋಸೆ ಈ ಮೇದಿಯಾ ದೆಲ್ ದಿಯಾ, ಎನ್ ರನ್ನ ಬೆಳಗಲಿ, ಈ ಆ ಲಾ ಕೊಮಿದಾ ಕೆ ಸೆ ಸೆರ್ವಿರಾ ಆ ಕೊಂತಿನ್ವಾಸಿಯೋನ್.'

ಇಂಥವರನ್ನು, ತಮ್ಮ ಮಕ್ಕಳ ವಿವಾಹಕ್ಕೆ, ಎರಡು ಸಾವಿರದ ಇಪ್ಪತ್ತಾರರ ಫೆಬ್ರುವರಿ ಎಂಟರ ರವಿವಾರ ಮಧ್ಯಾಹ್ನ ಹನ್ನೆರಡೂವರೆಗೆ ರನ್ನ ಬೆಳಗಲಿಯಲ್ಲಿ ನಡೆಯುವ ಕಾರ್ಯಕ್ಕೆ, ಅದರ ಹಿಂದೆಯೇ ಬಡಿಸುವ ಊಟಕ್ಕೆ ಕರೆಯಲು ಗೌರವವೆಂದು ಭಾವಿಸುತ್ತಾರೆ, ಎಂದು ಒಟ್ಟು ಅರ್ಥ. ಉಡುಗೊರೆ ಬೇಡ ಎಂಬ ಸಾಲು ಹಾಕಿಲ್ಲ. ಅಚ್ಚಿನಲ್ಲಿ ನೇರವಾಗಿ ಬೇಡವೆಂದರೆ ಅಲ್ಲಿ ಒರಟು. ಕೇಳಿದವರಿಗೆ ಬೀಗಿತ್ತಿಯೇ ಬಾಯಿಮಾತಿನಲ್ಲಿ ಹೇಳುತ್ತಾರೆ.

ಅಚ್ಚು ಮಾಡಿಸುವ ಮುನ್ನ ಒಂದು ಕಟ್ಟುನಿಟ್ಟು. ಮುಧೋಳದ ಪ್ರೆಸ್ಸಿನಲ್ಲಿ ಕನ್ನಡವನ್ನು ನುಡಿಯ ಹಳೆಯ ಫಾಂಟಿನಲ್ಲಿ ಜೋಡಿಸುತ್ತಿದ್ದರೆ ಸ್ಪ್ಯಾನಿಷ್ ಸಾಲನ್ನು ಅದರೊಳಗೆ ಅಂಟಿಸಬಾರದು. ಆ ಫಾಂಟುಗಳಲ್ಲಿ ಗುರುತಿರುವ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳು ಕೂತಿರುತ್ತವೆ, ಅಕ್ಷರದ ಬದಲು ಒತ್ತಕ್ಷರವೋ ಕೊಂಬೋ ಮೂಡುತ್ತದೆ. ಕೆಲವೊಮ್ಮೆ ಗುರುತೇ ಬಿದ್ದುಹೋಗುತ್ತದೆ, ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಕಣ್ಣಿಗೆ ತಪ್ಪು ಎಂದು ಹೊಳೆಯುವುದಿಲ್ಲ. ವರ್ಷ ಎಂಬುದಕ್ಕೆ ಅವರ ಪದ 'ಆನ್ಯೊ', ಅದರ ನಡುವಿನ ಅಕ್ಷರದ ಮೇಲಿನ ಅಲೆಗೆರೆ ಹೋದರೆ ಹಿರಿಯರ ಮುಂದೆ ಆಡಲಾಗದ ಒಂದು ಅಂಗದ ಹೆಸರಾಗುತ್ತದೆ. ಅದಕ್ಕೇ ಆ ಪದವನ್ನು ಪತ್ರಿಕೆಯಲ್ಲಿ ಎಲ್ಲಿಯೂ ಬಳಸಿಲ್ಲ. ಪ್ರೂಫ್ ಬಂದಾಗ ನಿಮಗೆ ಭಾಷೆ ಬರಬೇಕೆಂದಿಲ್ಲ, ಗುರುತು ಎಣಿಸಿದರೆ ಸಾಕು. ಹೆಸರುಗಳನ್ನು ಬಿಟ್ಟು ಮುಖ್ಯ ಪತ್ರಿಕೆಯಲ್ಲಿ ಆರು ಅಕ್ಷರಗಳ ಮೇಲೆ ಓರೆಗೆರೆ ಇರಬೇಕು: ಬೆಂದಿಸಿಯೋನ್, ಸೆಲೆಬ್ರಾರಾ, ವೇಂತಿಸೇಸ್, ದಿಯಾ, ಸೆರ್ವಿರಾ, ಕೊಂತಿನ್ವಾಸಿಯೋನ್. ನಿಮ್ಮ ಮತ್ತು ಬೀಗಿತ್ತಿಯ ಹೆಸರಿನ ಹಿಂದಿನ ದೋನ್ಯಾಗಳಲ್ಲಿ ಎರಡು ಅಲೆಗೆರೆ. ಮಕ್ಕಳ ಚೀಟಿಯಲ್ಲಿ ತೀಯೊ ಮೇಲೆ ಒಂದು ಓರೆಗೆರೆ, ಸಾಲಿನ ಮೊದಲಿಗೆ ತಲೆಕೆಳಗಾದ ಆಶ್ಚರ್ಯಸೂಚಕ, ಕೊನೆಗೆ ನೆಟ್ಟಗಿನದು. ಒಂದು ಕಡಿಮೆಯಾದರೂ ಅಚ್ಚಿಗೆ ಬಿಡಬೇಡಿರಿ, ನನಗೆ ಫೋಟೋ ಕಳಿಸಿರಿ.

ನಿಮ್ಮಿಂದ ಎರಡು ಉತ್ತರ ಬೇಕು. ಒಂದು, ನಿಮ್ಮ ಹೆಸರಿನ ಮುಂದೆ ನಮ್ಮ ಮನೆಯ ಅಡ್ಡಹೆಸರು ಹಾಕಲೋ, ನಿಮ್ಮ ತವರಿನದು ಹಾಕಲೋ? ಅವರ ದೇಶದಲ್ಲಿ ಮದುವೆಯಾದ ಹೆಣ್ಣಿನ ಅಡ್ಡಹೆಸರು ಕಾಗದಪತ್ರದಲ್ಲಿ ಬದಲಾಗುವುದಿಲ್ಲ, ತವರಿನದು ಹಾಕಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಣ್ಣನನ್ನು ಕೇಳಬೇಡಿರಿ, ನೀವೇ ಹೇಳಿರಿ. ಎರಡನೆಯದು ಅವ್ವನಿಗೆ. ಅಪ್ಪನ ಹೆಸರು ಕನ್ನಡ ಪತ್ರಿಕೆಯಲ್ಲಿ 'ಲಿಂ.' ಎಂದು ಬಂದಿದೆ. ಸ್ಪ್ಯಾನಿಷ್‌ನಲ್ಲಿ ಅಪ್ಪನ ಹೆಸರಿಗೆ ಶಿಲುಬೆ ಹಾಕಲಾಗದು. 'ಪ್ರೀತಿಯಿಂದ ನೆನೆಯುವ ಅಜ್ಜ' ಎಂಬ ಅರ್ಥದ ಒಂದು ಸಾಲು ಮದುಮಗನ ಹೆಸರಿನ ಕೆಳಗೆ ಬರೆಯಬಹುದು, ಅಥವಾ ಹಿರಿಯರ ಆಶೀರ್ವಾದ ಎಂಬ ಮೊದಲ ಸಾಲಿನಲ್ಲೇ ಅಪ್ಪ ಇದ್ದಾರೆ ಎಂದು ತಿಳಿಯಬಹುದು. ಅವ್ವ ಯಾವುದನ್ನು ಹೇಳುತ್ತಾಳೋ ಅದನ್ನೇ ಹಾಕುತ್ತೇನೆ. ಸೋಮವಾರದೊಳಗೆ ತಿಳಿಸಿರಿ, ಗ್ವಾದಲಹಾರಾಕ್ಕೆ ಕೊನೆಯ ಪ್ರತಿ ಅವತ್ತೇ ಹೋಗಬೇಕು.

ನಿಮ್ಮ ನಾದಿನಿ